ಪಾಲಕ್ ಕಪ್ಪಾಯಿತೆಂದು ಸೋಡಾ ಹಾಕುವ ಮುನ್ನ

ಭಾಲ್ಕಿಯಿಂದ ಒಬ್ಬ ಅತ್ತೆ ತಮ್ಮ ಸೊಸೆಯನ್ನು ಕರೆದುಕೊಂಡು ಬೀದರಿನ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಸೊಸೆಗೆ ಐದನೇ ತಿಂಗಳು. ಹಿಮೋಗ್ಲೋಬಿನ್ 8.6 ಇತ್ತು. ಅತ್ತೆಯ ದೂರು ಹೀಗಿತ್ತು: "ಹಕೀಮ್ ಸಾಬ್, ವಾರಕ್ಕೆ ನಾಲ್ಕು ದಿನ ಪಾಲಕ್ ತರಿಸ್ತೀನಿ. ಇವಳು ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿ ಕಪ್ಪಗೆ ಮಾಡಿ ಇಡ್ತಾಳೆ. ಹಸಿರೇ ಹೋದ ಮೇಲೆ ರಕ್ತ ಎಲ್ಲಿಂದ ಬರಬೇಕು?" ಸೊಸೆ ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟರು: "ಈಗ ಕಪ್ಪಾಗಲ್ಲ ಅಮ್ಮೀ, ಮೀಠಾ ಸೋಡಾ ಹಾಕ್ತೀನಲ್ಲ." ಎಷ್ಟು ಹಾಕುತ್ತೀರಿ ಎಂದು ಕೇಳಿದೆ. ಅರ್ಧ ಚಮಚ ಎಂದರು. ಆ ಅತ್ತೆಯವರೂ ರಕ್ತದೊತ್ತಡಕ್ಕೆ ನನ್ನಲ್ಲೇ ಔಷಧ ತೆಗೆದುಕೊಳ್ಳುವವರು. ಇಬ್ಬರೂ ಅದೇ ಪಾತ್ರೆಯ ಪಲ್ಯ ತಿನ್ನುತ್ತಿದ್ದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಔರಾದಿನಲ್ಲಿಯೂ ಕೇಳಿದ್ದೇನೆ, ಬೀದರಿನಲ್ಲಿಯೂ ಕೇಳಿದ್ದೇನೆ. ಸೊಪ್ಪಿನ ಬಣ್ಣವನ್ನೇ ಅದರ ಶಕ್ತಿಯೆಂದು ತಿಳಿದು, ಬಣ್ಣ ಉಳಿಸಲು ಶಕ್ತಿಯನ್ನು ಕಳೆದುಕೊಳ್ಳುವ ಮನೆಗಳು ಬಹಳ ಇವೆ. ಆದ್ದರಿಂದ ಪಾತ್ರೆಯೊಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎಲೆಯ ಹಸಿರಿಗೆ ಕಾರಣವಾದ ವಸ್ತುವಿನ ಹೆಸರು ಕ್ಲೋರೋಫಿಲ್. ಕನ್ನಡ ಶಾಲಾ ಪುಸ್ತಕಗಳಲ್ಲಿ ಇದಕ್ಕೆ ಪತ್ರಹರಿತ್ತು ಎನ್ನುತ್ತಾರೆ. ಇದರ ರಚನೆಯನ್ನು ಒಂದು ಉಂಗುರದಂತೆ ಊಹಿಸಿಕೊಳ್ಳಿ. ಉಂಗುರದ ನಡುವೆ ಒಂದು ಹರಳು ಕೂತಿದೆ. ಆ ಹರಳೇ ಮೆಗ್ನೀಸಿಯಂ ಎಂಬ ಲೋಹದ ಒಂದು ಕಣ. ಜರ್ಮನಿಯ ರಸಾಯನ ವಿಜ್ಞಾನಿ ರಿಚರ್ಡ್ ವಿಲ್‌ಸ್ಟೇಟರ್ ಅವರು ಇದನ್ನು ತೋರಿಸಿಕೊಟ್ಟರು. ಸಸ್ಯಗಳ ಬಣ್ಣದ ಕುರಿತ ಕೆಲಸಕ್ಕಾಗಿ ಅವರಿಗೆ 1915ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹರಳು ತನ್ನ ಜಾಗದಲ್ಲಿ ಇರುವವರೆಗೆ ಎಲೆ ಹಸಿರು. ಹರಳು ಕಳಚಿಬಿದ್ದರೆ ಉಂಗುರ ಉಳಿಯುತ್ತದೆ, ಆದರೆ ಅದರ ಬಣ್ಣ ಮಂಕಾದ ಕಂದು-ಹಸಿರಾಗುತ್ತದೆ. ಹರಳು ಕಳಚಿದ ಈ ಉಂಗುರಕ್ಕೆ ಫಿಯೋಫೈಟಿನ್ ಎಂದು ಹೆಸರು. ಕುಕ್ಕರಿನಿಂದ ತೆಗೆದ ಪಾಲಕ್‌ನಲ್ಲಿ ನಾವು ಕಾಣುವ ಬಣ್ಣ ಇದೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಆ ಹರಳು ಕಬ್ಬಿಣವಲ್ಲ. ಸೊಪ್ಪಿನ ಕಬ್ಬಿಣಾಂಶ ಬೇರೆ ಕಡೆ ಇರುತ್ತದೆ, ಅದಕ್ಕೂ ಹಸಿರಿಗೂ ಸಂಬಂಧವಿಲ್ಲ. ಪಾಲಕ್ ಕಪ್ಪಾದರೂ ಅದರ ಕಬ್ಬಿಣ ಅಷ್ಟೇ ಇರುತ್ತದೆ. ಕಳಚಿದ ಮೆಗ್ನೀಸಿಯಂ ಸಹ ಎಲ್ಲಿಗೂ ಹೋಗುವುದಿಲ್ಲ, ನೀರು ಚೆಲ್ಲದಿದ್ದರೆ ಪಲ್ಯದಲ್ಲಿಯೇ ಇರುತ್ತದೆ. ಹೀಗಾಗಿ ಬಣ್ಣ ಹೋದ ಮಾತ್ರಕ್ಕೆ ರಕ್ತವರ್ಧಕ ಗುಣ ಹೋಯಿತೆಂದು ಅತ್ತೆ ಹೇಳಿದ ಮಾತು ಸರಿಯಲ್ಲ. ಆದರೆ ಮೂರು ಸೀಟಿಯ ಬಗ್ಗೆ ಅವರ ಆಕ್ಷೇಪ ತಪ್ಪಲ್ಲ. ಅಷ್ಟು ಹೊತ್ತು ಬೇಯುವಾಗ ಬಣ್ಣದ ಜೊತೆಜೊತೆಗೆ ವಿಟಮಿನ್ ಸಿ ಮತ್ತು ಫೋಲೇಟ್ ಸಹ ಕಡಿಮೆಯಾಗುತ್ತವೆ. ಬಣ್ಣ ಅವುಗಳ ನಷ್ಟಕ್ಕೆ ಕಾರಣವಲ್ಲ. ಹೆಚ್ಚು ಹೊತ್ತು ಬೆಂದಿದೆ ಎಂಬುದರ ಗುರುತು ಮಾತ್ರ.

ಈಗ ಹರಳನ್ನು ಕಳಚುವುದು ಯಾರು? ಹುಳಿ. ಹುಳಿ ಹಾಕದೆಯೂ ಪಾಲಕ್ ಕಪ್ಪಾಗುತ್ತದಲ್ಲ ಎಂದು ನೀವು ಕೇಳಬಹುದು. ಹುಳಿ ಎಲೆಯ ಒಳಗೇ ಇದೆ. ಪ್ರತಿಯೊಂದು ಎಲೆಯ ಸಣ್ಣ ಸಣ್ಣ ಕೋಶಗಳಲ್ಲಿ ಒಂದು ನೀರಿನ ಚೀಲವಿರುತ್ತದೆ. ಸಸ್ಯ ತನ್ನ ಹುಳಿಯನ್ನು ಅದರಲ್ಲಿ ಕೂಡಿಟ್ಟಿರುತ್ತದೆ. ಹಸಿರು ಬೇರೆ ಚೀಲದಲ್ಲಿರುತ್ತದೆ. ಎಲೆ ಜೀವಂತವಾಗಿರುವವರೆಗೆ ಇಬ್ಬರೂ ಒಂದು ಮನೆಯಲ್ಲಿದ್ದೂ ಬೇರೆ ಬೇರೆ ಕೋಣೆಯಲ್ಲಿದ್ದಂತೆ. ಶಾಖ ತಗುಲಿದಾಗ ಗೋಡೆಗಳು ಒಡೆಯುತ್ತವೆ, ಹುಳಿ ಹರಿದು ಬಂದು ಹಸಿರನ್ನು ಮುಟ್ಟುತ್ತದೆ. ಬಿಸಿ ಹೆಚ್ಚಿದಷ್ಟೂ ಹರಳು ಬೇಗ ಕಳಚುತ್ತದೆ.

ಒಲೆಯ ಮುಂದೆ ನಿಂತು ಗಮನಿಸಿದರೆ ಇದು ಕಣ್ಣಿಗೆ ಕಾಣುತ್ತದೆ. ಕುದಿಯುವ ನೀರಿಗೆ ಪಾಲಕ್ ಹಾಕಿದ ಮೊದಲ ನಿಮಿಷದೊಳಗೆ ಅದು ಮಂಕಾಗುವುದಿಲ್ಲ, ಇನ್ನೂ ಹೆಚ್ಚು ಹಸಿರಾಗುತ್ತದೆ. ಎಲೆಯ ಕೋಶಗಳ ನಡುವೆ ಗಾಳಿ ತುಂಬಿರುತ್ತದೆ. ಆ ಗಾಳಿ ಬೆಳಕನ್ನು ಚದುರಿಸಿ ಎಲೆಯನ್ನು ಸ್ವಲ್ಪ ಬೂದಾಗಿ ತೋರಿಸುತ್ತಿರುತ್ತದೆ. ಬಿಸಿಗೆ ಗಾಳಿ ಗುಳ್ಳೆಗಳಾಗಿ ಹೊರಗೆ ಹೋದಾಗ ಒಳಗಿನ ಹಸಿರು ನೇರವಾಗಿ ಕಾಣುತ್ತದೆ. ಆಮೇಲೆ ಐದಾರು ನಿಮಿಷಗಳಲ್ಲಿ ಮಂಕು ಹಿಡಿಯತೊಡಗುತ್ತದೆ. ಹತ್ತು ನಿಮಿಷಕ್ಕೆ ಆಲಿವ್ ಬಣ್ಣ. ಆ ಗಾಢ ಹಸಿರು ಕಂಡ ಕ್ಷಣವೇ ಎಲೆಯನ್ನು ತೆಗೆಯಬೇಕಾದ ಸಮಯ. ಗಡಿಯಾರ ನೋಡಬೇಕಿಲ್ಲ.

ಕುಕ್ಕರಿನಲ್ಲಿ ಎರಡು ತೊಂದರೆ. ಬೀದರ್ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಕುಕ್ಕರಿನೊಳಗೆ ಅದು 115ರಿಂದ 120 ಡಿಗ್ರಿಯವರೆಗೆ ಏರುತ್ತದೆ. ಇನ್ನೊಂದು, ಎಲೆಯ ಹುಳಿಯಲ್ಲಿ ಒಂದು ಭಾಗ ಆವಿಯಾಗಿ ಹೋಗುವಂಥದು. ತೆರೆದ ಪಾತ್ರೆಯಲ್ಲಿ ಅದು ಹೊರಗೆ ಹೋಗುತ್ತದೆ. ಮುಚ್ಚಳ ಬಿಗಿದರೆ ಮತ್ತೆ ಪಲ್ಯಕ್ಕೇ ಬೀಳುತ್ತದೆ. ಸೊಪ್ಪು ಬೇಯಿಸುವಾಗ ಮುಚ್ಚಳ ಹಾಕಬೇಡ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದರ ಕಾರಣ ಇದು.

ಇದನ್ನು ಆ ಇಬ್ಬರಿಗೂ ಮಾತಿನಲ್ಲಿ ಹೇಳಿದರೆ ನಂಬಿಕೆ ಬರುವಂತಿರಲಿಲ್ಲ. ಮನೆಯಲ್ಲಿ ಒಂದು ಕೆಲಸ ಮಾಡಿ ನೋಡಿ ಎಂದು ಹೇಳಿ ಕಳುಹಿಸಿದೆ. ನೀವೂ ಮಾಡಬಹುದು. ಒಂದೇ ಕಟ್ಟಿನ ಪಾಲಕ್‌ನಿಂದ ಹತ್ತು ಹತ್ತು ಎಲೆಗಳ ಮೂರು ಪಾಲು ಮಾಡಿ. ಮೂರು ಸ್ಟೀಲ್ ಪಾತ್ರೆಗಳಲ್ಲಿ ತಲಾ ಅರ್ಧ ಲೀಟರ್ ನೀರು ಕುದಿಸಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ. ಮೂರನೆಯದಕ್ಕೆ ಕಾಲು ಚಮಚ ಸೋಡಾ ಹಾಕಿ. ಎಲೆಗಳನ್ನು ಒಟ್ಟಿಗೇ ಹಾಕಿ ಐದು ನಿಮಿಷ ಕುದಿಸಿ, ಬಿಳಿ ತಟ್ಟೆಗಳಿಗೆ ತೆಗೆಯಿರಿ.

ನಿಂಬೆಯ ಪಾತ್ರೆಯ ಎಲೆ ಒಂದೆರಡು ನಿಮಿಷಕ್ಕೇ ಖಾಕಿ ಬಣ್ಣಕ್ಕೆ ತಿರುಗಿರುತ್ತದೆ. ಬರೀ ನೀರಿನದು ಸ್ವಲ್ಪ ಮಂಕಾಗಿರುತ್ತದೆ, ಅಷ್ಟೇ. ಸೋಡಾದ ಎಲೆ ಅಂಗಡಿಯ ಪ್ಲಾಸ್ಟಿಕ್ ಎಲೆಯಂತೆ ಹೊಳೆಯುತ್ತಿರುತ್ತದೆ. ಆದರೆ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಲೋಳೆಲೋಳೆಯಾಗಿ ಕರಗಿಹೋಗುತ್ತದೆ. ನಾಲಗೆಗೆ ಇಟ್ಟರೆ ಸಾಬೂನಿನ ರುಚಿ. ಆ ಪಾತ್ರೆಯ ನೀರನ್ನೂ ನೋಡಿ, ಮೊದಲ ಪಾತ್ರೆಗಿಂತ ಹೆಚ್ಚು ಹಸಿರಾಗಿರುತ್ತದೆ.

ನಿಮ್ಮ ಮನೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಬರೀ ನೀರಿನ ಎಲೆಯೂ ಸಾಕಷ್ಟು ಹಸಿರಾಗಿ ಉಳಿದಿರಬಹುದು. ಚಹಾ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಕುದಿದಾಗ ಸ್ವಲ್ಪ ಕ್ಷಾರವಾಗುತ್ತದೆ, ಎಲೆಯ ಹುಳಿಯನ್ನು ತಾನೇ ಮುರಿಯುತ್ತದೆ. ಒಂದೇ ಪಾಲಕ್ ಅತ್ತೆ ಮನೆಯಲ್ಲಿ ಒಂದು ಬಣ್ಣ, ತವರಿನಲ್ಲಿ ಒಂದು ಬಣ್ಣ ಆಗುವುದು ಇದರಿಂದಲೇ ಇರಬಹುದು. ಅಡುಗೆ ಮಾಡುವವಳ ಕೈಯನ್ನು ದೂರುವ ಮುನ್ನ ನೀರನ್ನು ನೋಡಬೇಕು.

ಸೋಡಾ ಹುಳಿಯನ್ನು ಮುರಿಯುತ್ತದೆ, ಆದ್ದರಿಂದ ಹರಳು ಕಳಚುವುದಿಲ್ಲ. ಅಷ್ಟರ ಮಟ್ಟಿಗೆ ಸೊಸೆಯ ಲೆಕ್ಕ ಸರಿಯೇ. ಆದರೆ ಅದೇ ಸೋಡಾ ಎಲೆಯ ಕೋಶಗಳನ್ನು ಅಂಟಿಸಿ ಹಿಡಿದ ಗೋಂದನ್ನೂ ಕರಗಿಸುತ್ತದೆ, ಎಲೆ ಲೋಳೆಯಾಗುವುದು ಅದರಿಂದ. ಕ್ಷಾರದಲ್ಲಿ ಥಯಮಿನ್ ಎಂಬ ಬಿ1 ವಿಟಮಿನ್ ನಾಶವಾಗುತ್ತದೆ, ವಿಟಮಿನ್ ಸಿ ಬೇಗ ಕೆಡುತ್ತದೆ. ಸೊಪ್ಪಿನ ಕಬ್ಬಿಣವನ್ನು ಕರುಳು ಹೀರಿಕೊಳ್ಳಲು ಸಹಾಯ ಮಾಡುವುದು ಈ ವಿಟಮಿನ್ ಸಿಯೇ. ಅಂದರೆ ಯಾವ ರಕ್ತಕ್ಕಾಗಿ ಪಾಲಕ್ ಬೇಯಿಸುತ್ತಿದ್ದರೋ ಅದಕ್ಕೇ ಅಡ್ಡಿ. ಇನ್ನು ಅತ್ತೆಯ ಪಾಲಿಗೆ ಬಂದರೆ, ಒಂದು ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅರ್ಧ ಚಮಚವನ್ನು ಆರು ಜನರ ಪಲ್ಯಕ್ಕೆ ಹಂಚಿದರೆ ಒಬ್ಬರಿಗೆ ಬರುವುದು ಸುಮಾರು 100 ಮಿಲಿಗ್ರಾಂ. ಒಂದು ದಿನಕ್ಕೆ ಅದು ದೊಡ್ಡದಲ್ಲ. ಆದರೆ ಆ ಮನೆಯಲ್ಲಿ ಕಡಲೆಗೂ ಸೋಡಾ, ಬೇಳೆಗೂ ಸೋಡಾ, ಮೇಲೆ ಉಪ್ಪಿನಕಾಯಿ. ರಕ್ತದೊತ್ತಡದವರು ಉಪ್ಪು ಕಡಿಮೆ ಮಾಡಿ, ಸೋಡಾದಲ್ಲಿರುವ ಸೋಡಿಯಂ ಮರೆತುಬಿಡುತ್ತಾರೆ.

ಸೋಡಾದ ನೀರು ಏಕೆ ಹಸಿರಾಯಿತು ಎಂಬುದನ್ನು ಹೇಳಬೇಕು, ಏಕೆಂದರೆ ಇದರಲ್ಲಿ ನಮ್ಮ ಯುನಾನಿ ದವಾಖಾನೆಯ ಒಂದು ಹಳೆಯ ಪಾಠವಿದೆ. ಎಲೆಯ ಹಸಿರು ನೀರಿನಲ್ಲಿ ಕರಗುವಂಥದಲ್ಲ. ಅದು ಎಣ್ಣೆಯ ಜಾತಿಯದು. ಯಕೃತ್ತಿನ ಊತಕ್ಕೆ ಯುನಾನಿಯಲ್ಲಿ ಮಕೋ, ಅಂದರೆ ಗಣಿಕೆ ಸೊಪ್ಪಿನ ರಸವನ್ನೂ ಕಾಸ್ನಿ ಎಲೆಯ ರಸವನ್ನೂ ಕೊಡುವ ಕ್ರಮವಿದೆ. ಆದರೆ ಜಜ್ಜಿ ತೆಗೆದ ಹಸಿರು ರಸವನ್ನು ಹಾಗೆಯೇ ಕೊಡುವುದಿಲ್ಲ. ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತಾರೆ. ಹಾಲು ಒಡೆದಂತೆ ರಸ ಒಡೆದು ಹಸಿರೆಲ್ಲ ಗಂಟುಗಂಟಾಗಿ ಬೇರೆಯಾಗುತ್ತದೆ. ಬಟ್ಟೆಯಲ್ಲಿ ಸೋಸಿದಾಗ ಕೆಳಗೆ ಇಳಿಯುವುದು ತಿಳಿಯಾದ ಹಳದಿ ನೀರು. ಇದಕ್ಕೆ ಮುರವ್ವಕ್ ಎಂದು ಹೆಸರು. ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಇದನ್ನು ಮಾಡಿದಾಗ ಉರಿ ಹೆಚ್ಚಿಟ್ಟು ಕೆಡಿಸಿದ್ದೆ, ಅದು ಬೇರೆ ಮಾತು. ಹಸಿರು ಬಟ್ಟೆಯಲ್ಲಿಯೇ ಉಳಿಯುತ್ತದೆ ಎಂಬುದು ಮುಖ್ಯ. ನೀರಿನಲ್ಲಿ ಕರಗುವ ಗುಣವಿದ್ದರೆ ಅದು ಕೆಳಗಿಳಿಯಬೇಕಿತ್ತು. ಸೋಡಾ ಹಾಕಿದಾಗ ಮಾತ್ರ ಕ್ಲೋರೋಫಿಲ್‌ನ ಎಣ್ಣೆಯಂಥ ಬಾಲ ಕತ್ತರಿಸಿಹೋಗುತ್ತದೆ, ಉಳಿದ ಭಾಗ ನೀರಿಗೆ ಸೇರುತ್ತದೆ.

ಈ ಮಾತು ಮಾರುಕಟ್ಟೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಸುಲಿದ ಹಸಿ ಬಟಾಣಿಯನ್ನು ಗಾಜಿನ ಲೋಟದ ತಣ್ಣೀರಿನಲ್ಲಿ ಅರ್ಧ ಗಂಟೆ ಇಡಿ. ನೀರು ಹಸಿರಾದರೆ ಅದು ಬಟಾಣಿಯ ಸ್ವಂತ ಬಣ್ಣವಲ್ಲ, ಹಚ್ಚಿದ ಬಣ್ಣ. ಬೆಂಡೆಕಾಯಿ, ಮೆಣಸಿನಕಾಯಿಯ ಮೇಲೆ ಲಿಕ್ವಿಡ್ ಪ್ಯಾರಾಫಿನ್ ತಾಗಿಸಿದ ಹತ್ತಿಯಿಂದ ಒರೆಸಿ ನೋಡುವ ಕ್ರಮವನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಟ್ಟಿದೆ. ಹತ್ತಿ ಹಸಿರಾದರೆ ಆ ತರಕಾರಿ ಬಿಡಿ.

ಸೋಡಾ ಬಿಟ್ಟರೆ ಬಣ್ಣ ಉಳಿಸುವ ಹಾದಿ ಯಾವುದು? ಬಿಸಿನೀರಿನಲ್ಲಿ ಅದ್ದಿ ತೆಗೆಯುವುದು. ಹೋಟೆಲಿನವರು ಬ್ಲಾಂಚ್ ಮಾಡುವುದು ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಕಾಲು ಕಿಲೋ ಪಾಲಕ್‌ಗೆ ಕನಿಷ್ಠ ಎರಡೂವರೆ ಲೀಟರ್ ನೀರು ಬೇಕು. ಎರಡು ಕಾರಣಕ್ಕೆ ಇಷ್ಟು ನೀರು. ಎಲೆಯ ಹುಳಿ ಹೆಚ್ಚು ನೀರಿನಲ್ಲಿ ತೆಳುವಾಗುತ್ತದೆ. ಹಾಗೆಯೇ ಸೊಪ್ಪು ಬಿದ್ದ ಕೂಡಲೇ ನೀರಿನ ಕುದಿ ನಿಲ್ಲುವುದಿಲ್ಲ. ಸ್ವಲ್ಪ ನೀರಿಗೆ ದೊಡ್ಡ ಕಟ್ಟು ತುರುಕಿದರೆ ನೀರು ತಣ್ಣಗಾಗಿ ಮತ್ತೆ ಕುದಿಯಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಅಷ್ಟೂ ಹೊತ್ತು ಎಲೆ ಹುಳಿಯಲ್ಲಿ ನೆನೆಯುತ್ತಿರುತ್ತದೆ. ನಮ್ಮಲ್ಲಿ ಬ್ಲಾಂಚ್ ಮಾಡಿಯೂ ಮಂಕಾಯಿತು ಎನ್ನುವವರ ತಪ್ಪು ಹೆಚ್ಚಾಗಿ ಇಲ್ಲಿಯೇ. ಸೊಪ್ಪು ಹೆಚ್ಚಿದ್ದರೆ ಎರಡು ಸಲ ಮಾಡಿ.

ನೀರು ಜೋರಾಗಿ ಕುದಿಯುತ್ತಿರುವಾಗ ಸೊಪ್ಪು ಹಾಕಿ, ಮುಚ್ಚಬೇಡಿ. ಪಾಲಕ್‌ಗೆ ಒಂದು ನಿಮಿಷ ಸಾಕು, ಎಳೆಯದಾದರೆ ಇನ್ನೂ ಕಡಿಮೆ. ಬೀನ್ಸ್, ಚೌಳಿಕಾಯಿಗೆ ಮೂರು ನಿಮಿಷ. ಜರಡಿಯಿಂದ ಎತ್ತಿ ತಕ್ಷಣ ತಣ್ಣೀರಿಗೆ ಹಾಕಿ. ಮಂಜುಗಡ್ಡೆ ಇಲ್ಲದಿದ್ದರೆ ಮಡಕೆಯ ನೀರು ಆಗಬಹುದು, ಆದರೆ ಒಮ್ಮೆ ಬೆಚ್ಚಗಾದಾಗ ಚೆಲ್ಲಿ ಮತ್ತೊಮ್ಮೆ ಹಾಕಬೇಕು. ತಣ್ಣೀರಿನ ಈ ಹಂತ ಬಿಟ್ಟರೆ ಎಲೆ ತನ್ನದೇ ಬಿಸಿಯಲ್ಲಿ ಜರಡಿಯಲ್ಲಿಯೇ ಬೇಯುತ್ತಿರುತ್ತದೆ. ಮುಷ್ಟಿಯಲ್ಲಿ ಹಿಡಿದು ತಣ್ಣಗೆ ಅನಿಸಿದ ಮೇಲೆ ನೀರು ಹಿಂಡಿ ತೆಗೆಯಿರಿ, ತಣ್ಣೀರಿನಲ್ಲಿ ನೆನೆಯಲು ಬಿಡಬೇಡಿ.

ಇನ್ನು ಪಾಲಕ್ ಗೋಷ್ತ್. ನಮ್ಮ ಮನೆಗಳಲ್ಲಿ ಮಾಂಸ, ಸೊಪ್ಪು, ಟೊಮೆಟೊ ಎಲ್ಲವನ್ನೂ ಕೂಡಿಸಿ ಕುಕ್ಕರಿಗೆ ಹಾಕುತ್ತಾರೆ. ಮಾಂಸಕ್ಕೆ ಬೇಕಾದ ಸಮಯ ಸೊಪ್ಪಿಗೆ ಬಹಳ ಹೆಚ್ಚು, ಅದರ ಮೇಲೆ ಟೊಮೆಟೊದ ಹುಳಿ. ಬಣ್ಣ ಉಳಿಯುವುದು ಸಾಧ್ಯವೇ ಇಲ್ಲ. ಮಾಂಸವನ್ನು ಮಸಾಲೆ ಮತ್ತು ಟೊಮೆಟೊ ಜೊತೆ ಪೂರ್ತಿ ಬೇಯಿಸಿ, ಎಣ್ಣೆ ಬಿಡುವವರೆಗೆ ಹುರಿಯಿರಿ. ಅರ್ಧ ಕಿಲೋ ಮಾಂಸಕ್ಕೆ ಅರ್ಧ ಕಿಲೋ ಪಾಲಕ್ ಬ್ಲಾಂಚ್ ಮಾಡಿ, ಹಿಂಡಿ, ಒರಟಾಗಿ ಕತ್ತರಿಸಿ ಅಥವಾ ರುಬ್ಬಿ ಇಟ್ಟುಕೊಳ್ಳಿ. ಬಡಿಸುವುದಕ್ಕೆ ಐದು ನಿಮಿಷ ಮೊದಲು ಅದನ್ನು ಸೇರಿಸಿ, ತೆರೆದ ಪಾತ್ರೆಯಲ್ಲಿ ಎರಡು ಮೂರು ಕುದಿ ಬರಿಸಿ ಇಳಿಸಿ. ದಂ ಹಾಕಿ ಮುಚ್ಚಿಟ್ಟರೆ ಮತ್ತೆ ಕಪ್ಪಾಗುತ್ತದೆ. ಸಂಜೆಗೆ ಬಿಸಿ ಮಾಡಿದಾಗ ಸ್ವಲ್ಪ ಮಂಕಾಗುವುದನ್ನು ತಡೆಯಲು ಆಗದು, ಅದರಿಂದ ಕೆಡುಕೂ ಇಲ್ಲ.

ಬ್ಲಾಂಚ್ ಮಾಡಿದ ನೀರಿನ ವಿಷಯದಲ್ಲಿ ಎಲ್ಲರಿಗೂ ಒಂದೇ ಸಲಹೆ ಕೊಡಲು ಬರುವುದಿಲ್ಲ. ಆ ನೀರಿಗೆ ವಿಟಮಿನ್ ಸಿ ಮತ್ತು ಫೋಲೇಟ್‌ನ ಒಂದು ಪಾಲು ಇಳಿದಿರುತ್ತದೆ. ಜೊತೆಗೆ ಆಕ್ಸಲೇಟ್ ಎಂಬ ಉಪ್ಪಿನ ದೊಡ್ಡ ಪಾಲೂ ಇಳಿದಿರುತ್ತದೆ. ಪಾಲಕ್ ತಿಂದಾಗ ಹಲ್ಲು ಜುಮ್ಮೆನ್ನುವುದು ಈ ಆಕ್ಸಲೇಟ್‌ನಿಂದ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಇದೇ ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಕೂಡಿ ಆದವು. ಕಲ್ಲಿನ ತೊಂದರೆ ಇದ್ದವರು ಪಾಲಕ್ ತಿನ್ನಲೇಬೇಕೆಂದರೆ ಬ್ಲಾಂಚ್ ಮಾಡಿ ನೀರು ಚೆಲ್ಲಿಯೇ ತಿನ್ನಬೇಕು, ಸ್ವಲ್ಪವೇ ತಿನ್ನಬೇಕು. ಬಸಿರಿಯರಿಗೆ ನಾನು ಬೇರೆ ಹೇಳುತ್ತೇನೆ. ಬಾಣಲೆಯಲ್ಲಿ ಎಣ್ಣೆ, ಬೆಳ್ಳುಳ್ಳಿ ಕಾಯಿಸಿ, ತೊಳೆದ ಸೊಪ್ಪನ್ನು ಅದಕ್ಕೆ ಅಂಟಿದ ನೀರಿನಲ್ಲಿಯೇ ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಕೈಯಾಡಿಸಿ ಇಳಿಸಿ. ಚೆಲ್ಲುವ ನೀರೇ ಇಲ್ಲ, ಬಣ್ಣವೂ ಬಹುಪಾಲು ಉಳಿಯುತ್ತದೆ. ಮೆಂತೆ, ರಾಜಗಿರಿ ಎಲ್ಲಕ್ಕೂ ಇದೇ ನಡೆಯುತ್ತದೆ.

ಹುಳಿಯ ಕಡೆಗೆ ಬರೋಣ. ನಮ್ಮ ಕಡೆಯ ಪುಂಡಿ ಪಲ್ಯ, ದಖನಿಯಲ್ಲಿ ಅಂಬಾಡೆ ಕೀ ಭಾಜಿ, ಇದು ಯಾವ ಉಪಾಯಕ್ಕೂ ಹಸಿರಾಗಿ ಉಳಿಯುವುದಿಲ್ಲ. ಹುಳಿ ಅದರ ಎಲೆಯಲ್ಲಿಯೇ ತುಂಬಿದೆ. ಬಾಣಲೆಗೆ ಬಿದ್ದ ಒಂದೆರಡು ನಿಮಿಷಕ್ಕೆ ಕಂದಾಗುತ್ತದೆ. ಅಂಬಾಡೆ ಗೋಷ್ತ್ ಮತ್ತು ಹುಣಸೆ ಚಿಗುರಿನ ಗೋಷ್ತ್ ಕೂಡ ಹಾಗೆಯೇ. ಅದು ಕೆಟ್ಟ ಅಡುಗೆಯ ಲಕ್ಷಣವಲ್ಲ, ಆ ಸೊಪ್ಪಿನ ಗುಣ. ಪುಂಡಿಗೆ ಸೋಡಾ ಹಾಕಿದರೆ ನೊರೆ ಬಂದು ಹುಳಿ ಸಾಯುತ್ತದೆ. ಹುಳಿ ಇಲ್ಲದ ಪುಂಡಿಯನ್ನು ಯಾರು ತಿನ್ನುತ್ತಾರೆ?

ಬೇರೆ ಅಡುಗೆಗಳಲ್ಲಿ ಹುಳಿ ಹಾಕುವುದು ನಮ್ಮ ಕೈಯಲ್ಲಿದೆ, ಆದ್ದರಿಂದ ಯಾವಾಗ ಹಾಕುತ್ತೇವೆ ಎಂಬುದು ಮುಖ್ಯ. ಎಳ್ಳಮಾವಾಸ್ಯೆಗೆ ಭಾಲ್ಕಿ, ಔರಾದಿನ ನೆರೆಯ ಮನೆಗಳಿಂದ ನಮಗೂ ಭಜ್ಜಿಯ ಡಬ್ಬಿ ಬರುತ್ತದೆ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಮೆಂತೆ ಸೊಪ್ಪು ಎಲ್ಲ ಸೇರಿದ ಅಡುಗೆ ಅದು. ಕೈ ಪಳಗಿದವರು ಹುಣಸೆ ರಸವನ್ನು ಕಾಳು ಮೆತ್ತಗಾದ ಮೇಲೆಯೇ ಹಾಕುತ್ತಾರೆ. ಬಣ್ಣ ಒಂದೇ ಕಾರಣವಲ್ಲ. ಸೋಡಾ ಯಾವ ಗೋಂದನ್ನು ಕರಗಿಸುತ್ತದೋ ಅದನ್ನು ಹುಳಿ ಗಟ್ಟಿಯಾಗಿ ಹಿಡಿಯುತ್ತದೆ. ಮೊದಲೇ ಹುಳಿ ಬಿದ್ದರೆ ಕಾಳು ಎಷ್ಟು ಕುದಿಸಿದರೂ ಗಟ್ಟಿ, ಕುದಿಸಿದಷ್ಟೂ ಬಣ್ಣ ಕಂದು. ಕೊನೆಗೆ ಹಾಕಿದರೆ ಎರಡೂ ಉಳಿಯುತ್ತವೆ.

ಹಾಗಾದರೆ ರಕ್ತ ಕಡಿಮೆ ಇರುವವರಿಗೆ ನಿಂಬೆ ಬೇಡವೇ? ಬೇಕು. ಆದರೆ ಪಾತ್ರೆಗಲ್ಲ, ತಟ್ಟೆಗೆ. ತಿನ್ನಲು ಕುಳಿತಾಗ ಪಲ್ಯದ ಮೇಲೆ ಹಿಂಡಿದರೆ ಬಣ್ಣ ತಿರುಗುವಷ್ಟು ಹೊತ್ತೂ ಇರುವುದಿಲ್ಲ, ನಿಂಬೆಯ ವಿಟಮಿನ್ ಸಿ ಬಿಸಿಗೆ ಕೆಡುವುದೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಹುಳಿ ಹಾಕಿ ಕುದಿಸಿದ ಸೊಪ್ಪು ಕಂದಾಗಲೇಬೇಕು. ಆಗದೆ ಎದ್ದುಕಾಣುವ ಹಸಿರಾಗಿ ಉಳಿದರೆ ಸಂತೋಷಪಡಬೇಡಿ. ಔರಾದಿನ ಕಡೆಯ ಒಂದು ಮದುವೆಯ ಊಟದ ನಂತರ ಕೆಲವರು ನನ್ನ ಬಳಿ ಬಂದಿದ್ದರು. ಊಟ ಮುಗಿದು ಒಂದು ಗಂಟೆಯೊಳಗೇ ವಾಕರಿಕೆ, ವಾಂತಿ, ಹೊಟ್ಟೆನೋವು. ಜ್ವರವಿಲ್ಲ. ಏನು ತಿಂದಿರಿ ಎಂದರೆ ಅಂಬಾಡೆ ಗೋಷ್ತ್. ಅವರಲ್ಲೊಬ್ಬ ಹೆಂಗಸು, "ಭಾಜಿ ಎಷ್ಟು ಹಸಿರಾಗಿತ್ತು ಅಂತೀರಿ, ಆದರೆ ಬಾಯಲ್ಲಿ ನಾಣ್ಯ ಇಟ್ಟ ಹಾಗೆ ರುಚಿ" ಎಂದರು. ನನಗೆ ಸಂಶಯ ಬಂತು. ತಾಮ್ರದ ದೇಗಿನಲ್ಲಿ ಮಾಡಿದ್ದರು. ಹೋಗಿ ನೋಡಿದವರು ಹೇಳಿದ್ದು, ದೇಗಿನ ಒಳಗೆ ಅಂಗೈಯಷ್ಟು ಅಗಲದ ಕೆಂಪು ಮಚ್ಚೆಗಳು ಇದ್ದವು ಎಂದು. ಕಲಾಯಿ ಹೋಗಿತ್ತು. ಆ ಪಲ್ಯವನ್ನು ಯಾರೂ ಪ್ರಯೋಗಾಲಯಕ್ಕೆ ಕಳುಹಿಸಲಿಲ್ಲ, ಆದ್ದರಿಂದ ತಾಮ್ರವೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಲಕ್ಷಣಗಳೆಲ್ಲ ಅದರವೇ. ಅದೃಷ್ಟಕ್ಕೆ ಎಲ್ಲರೂ ಮರುದಿನಕ್ಕೆ ಚೇತರಿಸಿಕೊಂಡರು.

ಅಲ್ಲಿ ನಡೆದದ್ದು ಇಷ್ಟು. ಪುಂಡಿಯ ಹುಳಿ ಬರಿಯ ತಾಮ್ರವನ್ನು ಕರಗಿಸುತ್ತದೆ. ಅದೇ ಹುಳಿ ಉಂಗುರದಿಂದ ಮೆಗ್ನೀಸಿಯಂ ಹರಳನ್ನು ಕಳಚುತ್ತದೆ. ಖಾಲಿಯಾದ ಜಾಗದಲ್ಲಿ ತಾಮ್ರ ಹೋಗಿ ಕೂರುತ್ತದೆ. ತಾಮ್ರದ ಹರಳು ಮೆಗ್ನೀಸಿಯಂನಂತೆ ಸಡಿಲವಲ್ಲ, ಹುಳಿಗೂ ಬಿಸಿಗೂ ಕಳಚುವುದಿಲ್ಲ, ಬಣ್ಣ ಗಾಢ ಹಸಿರು. ಹಿಂದೆ ಯುರೋಪಿನಲ್ಲಿ ಉಪ್ಪಿನಕಾಯಿಯನ್ನು ಹಸಿರಾಗಿಡಲು ತಾಮ್ರದ ಪಾತ್ರೆಯಲ್ಲಿ ಕುದಿಸುವ ಅಭ್ಯಾಸವಿತ್ತು, ಅದರಿಂದ ಜನ ಕಾಯಿಲೆ ಬೀಳುತ್ತಿದ್ದರು. ಉಂಗುರದಲ್ಲಿ ಕೂತ ತಾಮ್ರದಿಂದ ಅಂಥ ಕೇಡಿಲ್ಲ. ವಾಂತಿ ತರಿಸುವುದು ಅದರ ಸುತ್ತ ರಸದಲ್ಲಿ ಕರಗಿ ಉಳಿದ ಹೆಚ್ಚಿನ ತಾಮ್ರ.

ದೇಗು ಕೆಟ್ಟದಲ್ಲ. ಕಲಾಯಿ, ಅಂದರೆ ಒಳಗಿನ ತವರದ ಲೇಪ, ಸರಿಯಾಗಿದ್ದರೆ ತಾಮ್ರ ಅಡುಗೆಯನ್ನು ಮುಟ್ಟುವುದೇ ಇಲ್ಲ. ಬಾಡಿಗೆಗೆ ತಂದ ದೇಗನ್ನು ಹಗಲು ಬೆಳಕಿನಲ್ಲಿ ಓರೆಮಾಡಿ ಒಳಗೆ ನೋಡಿ. ಎಲ್ಲೆಡೆ ಬೆಳ್ಳಗೆ ಇರಬೇಕು. ತಳದಲ್ಲಿ, ಸೌಟು ತಿರುಗುವ ಅಂಚಿನಲ್ಲಿ ಕೆಂಪು ಕಂಡರೆ ಹಿಂದಿರುಗಿಸಿ. ಆ ದಿನ ಬೇರೆ ದೇಗು ಸಿಗದಿದ್ದರೆ ಪುಂಡಿ, ಹುಣಸೆ, ಟೊಮೆಟೊ, ಮೊಸರಿನ ಅಡುಗೆಯನ್ನು ಸ್ಟೀಲ್ ಪಾತ್ರೆಗೆ ಹಾಕಿ. ಕಲಾಯಿ ಚೆನ್ನಾಗಿದ್ದರೂ ಹುಳಿ ಅಡುಗೆಯನ್ನು ರಾತ್ರಿಯಿಡೀ ದೇಗಿನಲ್ಲಿ ಬಿಡಬೇಡಿ. ತಿಂದ ಸ್ವಲ್ಪ ಹೊತ್ತಿಗೇ ಒಂದೇ ಪಾತ್ರೆಯಿಂದ ಉಂಡ ಹಲವರಿಗೆ ವಾಂತಿ ಶುರುವಾದರೆ, ಬಾಯಲ್ಲಿ ಲೋಹದ ರುಚಿ ಇದ್ದರೆ, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ, ಯಾವ ಪಾತ್ರೆಯಲ್ಲಿ ಮಾಡಿದ್ದೆಂದು ವೈದ್ಯರಿಗೆ ಹೇಳಿ.

ಭಾಲ್ಕಿಯ ಅತ್ತೆ-ಸೊಸೆ ತಿಂಗಳ ನಂತರ ಮತ್ತೆ ಬಂದರು. ಮೊದಲ ದಿನವೇ ನಾನು ಅವರಿಗೆ ಹೇಳಿದ್ದೆ, 100 ಗ್ರಾಂ ಪಾಲಕ್‌ನಲ್ಲಿ ಇರುವುದು 3 ಮಿಲಿಗ್ರಾಂ ಆಸುಪಾಸಿನ ಕಬ್ಬಿಣ, ಅದರಲ್ಲಿಯೂ ದೇಹಕ್ಕೆ ಸೇರುವುದು ಅಲ್ಪ. ಹಿಮೋಗ್ಲೋಬಿನ್ 8.6 ಇರುವ ಬಸಿರಿಗೆ ಸೊಪ್ಪೊಂದೇ ಸಾಲದು. ಆಶಾ ಕಾರ್ಯಕರ್ತೆ ಕೊಟ್ಟ, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವ ಮಾತ್ರೆಗಳು ಅವರ ಮನೆಯ ಕಪಾಟಿನಲ್ಲಿಯೇ ಇದ್ದವು, ವಾಕರಿಕೆ ಬರುತ್ತದೆಂದು ಬಿಟ್ಟಿದ್ದರು. ರಾತ್ರಿ ಊಟದ ನಂತರ ತೆಗೆದುಕೊಳ್ಳಲು, ಅದರ ಹಿಂದೆ ಮುಂದೆ ಎರಡು ಗಂಟೆ ಚಹಾ ಕುಡಿಯದಿರಲು ಹೇಳಿದ್ದೆ. ರಕ್ತ ಅಷ್ಟು ಕಡಿಮೆ ಇದ್ದುದರಿಂದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೂ ತೋರಿಸಲು ಕಳುಹಿಸಿದ್ದೆ, ಅವರು ಮಾತ್ರೆಯನ್ನು ದಿನಕ್ಕೆ ಎರಡು ಮಾಡಿದ್ದರು. ಈ ಸಲ 9.7 ಬಂದಿತ್ತು. ಅತ್ತೆ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಪಾಲಕ್ ಪಲ್ಯ, ಜೊತೆಗೆ ಕಾಗದದಲ್ಲಿ ಕಟ್ಟಿದ ಅರ್ಧ ನಿಂಬೆ. "ಸೋಡಾ ಇಲ್ಲ, ನಾನೇ ಎದುರು ನಿಂತು ನೋಡಿದೀನಿ" ಎಂದರು.